ಲಿಂಕ್ ಸೇವ್ ಮಾಡಿದ್ರೆ ಮುಗೀತಾ? ಮೂರು ದಿನಾಂಕ ಎಲ್ಲಿ?

ನಮಸ್ಕಾರ. ಹೋದ ಎಪಿಸೋಡಿನ ಕೆಳಗೆ ಒಬ್ರು ಕಾಮೆಂಟ್ ಹಾಕಿದ್ದಾರೆ: "ಕಂಪನಿ ಬಗ್ಗೆ ನಾಲ್ಕು ಮಾಹಿತಿ ಕಲೆಹಾಕೋಕೆ ಲಾಗ್ ಯಾಕೆ ಸಾರ್? ಲಿಂಕ್ ಸೇವ್ ಮಾಡ್ಕೊಂಡ್ರೆ ಸಾಕು." ಅದಕ್ಕೆ ಎಪ್ಪತ್ತು ಲೈಕ್ ಬೇರೆ! ಲಾಗ್ ಅಂದ್ರೆ ಬೇರೇನಲ್ಲ, ಸಿಕ್ಕ ಪ್ರತಿ ಮಾಹಿತಿಗೂ ಒಂದು ಸಾಲು ಹಾಕಿ, ಅದು ಎಲ್ಲಿಂದ ಬಂತು, ಯಾವಾಗಿನದು ಅಂತ ಬರೆದಿಡೋ ಪಟ್ಟಿ. ಸರಿ, ಇವತ್ತು ಅದೇ ಮಾತಾಡೋಣ.

ಒಂದೇ ಒಂದು ಪ್ರಶ್ನೆ ತಗೊಳ್ಳಿ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ? ಒಂದು ಲೇಖನ 1,90,234 ಅನ್ನುತ್ತೆ. ಇನ್ನೊಂದು 1,82,502 ಅನ್ನುತ್ತೆ. ಲಿಂಕ್ ಶೂರರು ಏನ್ಮಾಡ್ತಾರೆ? ಹೊಸದಾಗಿ ಕಂಡಿದ್ದನ್ನ ಇಟ್ಕೊಂಡು ಹಳೇದನ್ನ ಅಳಿಸ್ತಾರೆ. ಆದ್ರೆ ಎರಡೂ ಸರಿ ಕಣ್ರೀ! ಮೊದಲನೆಯದು 2022ರ ಡಿಸೆಂಬರ್ 31ರ ಲೆಕ್ಕ, ಎರಡನೆಯದು 2023ರ ಡಿಸೆಂಬರ್ 31ರದ್ದು. ಎರಡೂ ಕಂಪನಿಯ ವಾರ್ಷಿಕ ವರದಿಯಿಂದಲೇ ಬಂದಿದ್ದು.

ಹಾಗಾಗಿ ಪ್ರತಿ ಸಾಲಿಗೂ ಮೂರು ದಿನಾಂಕ ಬೇಕು. ಅಂಕಿ ಯಾವ ದಿನಕ್ಕೆ ಸೇರಿದ್ದು, ದಾಖಲೆ ಹೊರಬಿದ್ದಿದ್ದು ಯಾವಾಗ, ನೀವು ಅದನ್ನ ನೋಡಿದ್ದು ಯಾವಾಗ. ಈ 1,82,502 ಇರೋ ವರದಿ ಹೊರಬಂದಿದ್ದು 2024ರ ಆರಂಭದಲ್ಲಿ. ಬರೀ ಪ್ರಕಟಣೆಯ ದಿನ ಬರ್ಕೊಂಡ್ರೆ ಅದು 2024ರ ಸಿಬ್ಬಂದಿ ಸಂಖ್ಯೆ ಆಗಿಬಿಡುತ್ತೆ. ಒಂದು ವರ್ಷ ಪೂರ್ತಿ ಪಲ್ಲಟ!

"ಅಷ್ಟೆಲ್ಲ ಯಾರು ನೋಡ್ತಾರೆ" ಅನ್ನೋರಿಗೆ ಇನ್ನೊಂದು. 2023ರ ಜನವರಿಯಲ್ಲಿ ಆ ಕಂಪನಿ ಸುಮಾರು 12,000 ಹುದ್ದೆ ಕಡಿತ ಪ್ರಕಟಿಸ್ತು. ಬುದ್ಧಿವಂತರು 1,90,234ರಿಂದ 12,000 ಕಳೆದು 1,78,234 ಅಂತ ಬರೀತಾರೆ. ಅದೇ ಮಾರ್ಚ್ 31ಕ್ಕೆ ಕಂಪನಿ ಕೊಟ್ಟ ಸಂಖ್ಯೆ 1,90,711. ಏರಿದೆ! ಯಾಕೆ ಅಂದ್ರೆ, ಕಡಿತಕ್ಕೆ ಸಿಕ್ಕವರಲ್ಲಿ ಬಹುತೇಕ ಎಲ್ಲರೂ ಆ ದಿನದ ಲೆಕ್ಕದಲ್ಲಿ ಇನ್ನೂ ಇದ್ರು. ಅಂದ್ರೆ ಆ 1,78,234 ಕಂಪನಿ ಕೊಟ್ಟ ಸಂಖ್ಯೆಯಲ್ಲ, ಕ್ಯಾಲ್ಕುಲೇಟರ್ ಹುಟ್ಟಿಸಿದ್ದು. ಲಾಗ್‌ನಲ್ಲಿ "ಮೂಲದಲ್ಲಿ ಇದ್ದ ಹಾಗೇ" ಅಂತ ಒಂದು ಕಾಲಂ ಇಡಿ, ವಾಕ್ಯವನ್ನ ಅಕ್ಷರಶಃ ಅಂಟಿಸಿ, ಪುಟ ಸಂಖ್ಯೆ ಹಾಕಿ. ನೀವೇ ಲೆಕ್ಕ ಹಾಕಿದ್ದಾದ್ರೆ "ನನ್ನ ಲೆಕ್ಕ" ಅಂತ ಬೇರೆ ಗುರುತು ಮಾಡಿ.

(ಲಾಗ್ ಟೆಂಪ್ಲೇಟ್ ಡಿಸ್ಕ್ರಿಪ್ಷನ್‌ನಲ್ಲಿದೆ. ಉಚಿತ. ಸಬ್‌ಸ್ಕ್ರೈಬ್ ಮಾಡಿದ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಂತೆ.)

ಈಗ ಸಂಘರ್ಷದ ಕಾಲಂ. ಗೂಗಲ್ ಶುರುವಾಗಿದ್ದು ಯಾವಾಗ? ಡೊಮೇನ್ ನೋಂದಣಿ 1997ರ ಸೆಪ್ಟೆಂಬರ್ 15. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಯಾಗಿದ್ದು 1998ರ ಸೆಪ್ಟೆಂಬರ್‌ನಲ್ಲಿ. ಡೆಲವೇರ್‌ನಲ್ಲಿ ಮರುನೋಂದಣಿ 2003ರ ಆಗಸ್ಟ್. ಹುಟ್ಟುಹಬ್ಬ ಆಚರಿಸೋದು ಸೆಪ್ಟೆಂಬರ್ 27ಕ್ಕೆ. ಯಾವುದನ್ನ ಅಳಿಸ್ತೀರಾ? ಯಾವುದನ್ನೂ ಅಳಿಸಬೇಡಿ! ನಾಲ್ಕಕ್ಕೂ ನಾಲ್ಕು ಸಾಲು, ಪಕ್ಕದಲ್ಲಿ "ಇದು ಯಾವುದರ ದಿನಾಂಕ" ಅನ್ನೋ ಒಂದು ಮಾತು, ಕೊನೆಗೆ ಯಾವುದನ್ನ ಬಳಸಿದ್ರಿ, ಯಾಕೆ. ಸೋತ ಸಾಲನ್ನೂ ಇಟ್ಕೊಳ್ಳಿ. ಇಲ್ದಿದ್ರೆ ಆರು ತಿಂಗಳಾದ್ಮೇಲೆ ಯಾರೋ "1997 ಅಲ್ವಾ?" ಅಂತ ಕೇಳಿದಾಗ ಇಡೀ ಹುಡುಕಾಟ ಮತ್ತೆ ಮೊದಲಿಂದ.

"ಆದ್ರೆ ಹತ್ತು ವೆಬ್‌ಸೈಟಲ್ಲಿ ಒಂದೇ ಅಂಕಿ ಇದೆಯಲ್ಲ ಸಾರ್!" ಆಹಾ. ಹತ್ತರಲ್ಲೂ ಅದೇ ವಾಕ್ಯ, ಅದೇ ಪೂರ್ಣಾಂಕ, ಅದೇ ಕಾಗುಣಿತ ತಪ್ಪು ಇದ್ರೆ ಅದು ಹತ್ತು ಮೂಲ ಅಲ್ಲ, ಒಂದು ಪತ್ರಿಕಾ ಪ್ರಕಟಣೆ ಮತ್ತು ಒಂಬತ್ತು ಕಾಪಿ. ಮೂಲದ ಕಾಲಂನಲ್ಲಿ ಒಂದೇ ಅಂತ ಎಣಿಸಿ.

"ಹಾಗಾದ್ರೆ ಕಂಪನಿಯದೇ 'ನಮ್ಮ ಬಗ್ಗೆ' ಪುಟ?" ಅದರ ಮೇಲೆ ದಿನಾಂಕ ಇದೆಯಾ, ಹೇಳಿ ನೋಡೋಣ! ಸಾಮಾನ್ಯವಾಗಿ ಇರಲ್ಲ. ಸದ್ದಿಲ್ಲದೆ ಬದಲಾಗುತ್ತೆ. ನೋಡಿದ ದಿನವೇ web.archive.org ನಲ್ಲಿ ಪ್ರತಿ ಉಳಿಸಿ, ಆ ವಿಳಾಸವನ್ನೂ ಸಾಲಲ್ಲಿ ಹಾಕಿ. ವಾರ್ಷಿಕ ವರದಿಗಳೂ ಅಷ್ಟೇನೂ ಸಾಧು ಅಲ್ಲ: ಕೆಲವು ಸಲ ಹೋದ ವರ್ಷದ ಆದಾಯವನ್ನ ಈ ವರ್ಷದ ವರದಿಯಲ್ಲಿ ತಿದ್ದಿ ಕೊಟ್ಟಿರ್ತಾರೆ. ಒಂದೇ ವರ್ಷಕ್ಕೆ ಎರಡು ಅಧಿಕೃತ ಅಂಕಿ! ಯಾವ ವರದಿಯಿಂದ ತಗೊಂಡ್ರಿ ಅನ್ನೋದನ್ನ ಬಿಡಿಸೋದು ಮತ್ತೆ ಆ ಎರಡನೇ ದಿನಾಂಕವೇ.

"ತುಂಬಾ ಟೈಮ್ ಹಿಡಿಯುತ್ತೆ." ಒಂದು ಸಾಲಿಗೆ ಎರಡು ನಿಮಿಷ. ರೀಲ್ಸ್‌ಗೆ ಎಷ್ಟು ಹಿಡಿಯುತ್ತೆ? "ನನಗೆ ನೆನಪಿರುತ್ತೆ." ಇರುತ್ತೆ, ಇರುತ್ತೆ, ಪಾಸ್‌ವರ್ಡ್ ನೆನಪಿರೋ ಹಾಗೇ. ಮೂರು ದಿನಾಂಕ ರೀ, ಮೂರು! ನಾನೇನು ಪಂಚಾಂಗ ಬರೀರಿ ಅಂದ್ನಾ? ಬೆಲ್ ಐಕಾನ್ ಒತ್ತಿ, ಟೆಂಪ್ಲೇಟ್ ಇಳಿಸ್ಕೊಳ್ಳಿ, ಮೂರನೇ ಕಾಲಂ ಖಾಲಿ ಬಿಟ್ರೆ ಆ ಸಾಲು ಕೆಂಪಾಗುತ್ತೆ. ಬೇಕು ಅಂತಲೇ ಹಾಗೆ ಮಾಡಿಟ್ಟಿದ್ದೀನಿ.