ಎಣ್ಣೆ ಹುಲ್ಲಿನ ಕೊಯ್ಲು: ಯಾವಾಗ, ಎಷ್ಟು, ಹೇಗೆ ಗೊತ್ತಾಗುತ್ತದೆ?

ಎಲ್ಲರಿಗೂ ನಮಸ್ಕಾರ. ನಿಂಬೆಹುಲ್ಲು ಬೆಳೆಯುವವರು ಒಬ್ಬರನ್ನೊಬ್ಬರು ಮೊದಲು ಕೇಳುವುದು "ನಿಮಗೆ ಎಷ್ಟು ಪರ್ಸೆಂಟ್ ಎಣ್ಣೆ ಬಂತು?" ಅಂತ. ಅದೊಂದೇ ಅಂಕಿ ಹಿಡಿದುಕೊಂಡು ಹುಲ್ಲು ಕೊಯ್ದರೆ ಲೆಕ್ಕ ತಪ್ಪುತ್ತದೆ. ಇವತ್ತಿನ ಮಾತು ಅದರ ಸುತ್ತಲೇ: ಒಂದು ಎಕರೆಯಷ್ಟು ನಿಂಬೆಹುಲ್ಲು ಇಟ್ಟವರು ಕೊಯ್ಲಿನ ದಿನವನ್ನು ಹೇಗೆ ಗುರುತಿಸಬೇಕು, ಬರುವ ಎಣ್ಣೆಯನ್ನು ಮೊದಲೇ ಹೇಗೆ ಅಂದಾಜು ಮಾಡಬೇಕು. ಪಾಮರೋಸಾದ ವಿಷಯ ಕೊನೆಯಲ್ಲಿ ಹೇಳುತ್ತೇನೆ. ನೋಡಲು ಎರಡೂ ಹುಲ್ಲೇ ಆದರೂ ಅದರ ಕೊಯ್ಲಿನ ಲಕ್ಷಣ ಬೇರೆ.

ಬೇರು ಸಮೇತ ಬಿಡಿಸಿದ ತೆಂಡೆಗಳನ್ನು ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಬುಡದಿಂದ ಬುಡಕ್ಕೆ 45 ಸೆಂಟಿಮೀಟರ್ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 15,000 ಬುಡ ಕೂರುತ್ತವೆ. ಮೊದಲ ಕೊಯ್ಲು ನೆಟ್ಟ ಮೂರು ತಿಂಗಳಿಗೆ. ಆಮೇಲೆ ನೀರಾವರಿ ಇದ್ದರೆ 60ರಿಂದ 75 ದಿನಕ್ಕೊಮ್ಮೆ ಕೊಯ್ಲು ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಆ ಹದಿನೈದು ದಿನದ ಅಂತರದಲ್ಲಿ ಯಾವ ದಿನ ಅನ್ನುವುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಗರಿ ಹೇಳುತ್ತದೆ.

ನಿಂಬೆಹುಲ್ಲಿನ ಎಣ್ಣೆ ಇರುವುದು ಗರಿಯ ಹಸಿರು ಭಾಗದಲ್ಲಿ. ಗರಿ ಬೆಳೆಯುತ್ತಿರುವಾಗ ಅದರಲ್ಲಿ ಎಣ್ಣೆ ತುಂಬುತ್ತದೆ, ಬಲಿತು ಒಣಗುತ್ತ ಹೋದಂತೆ ಇಳಿಯುತ್ತದೆ. ಹೊಲದ ನಡುವೆ ನಾಲ್ಕಾರು ಕಡೆ ಬುಡ ಬಿಡಿಸಿ ನೋಡಿ. ಒಂದೊಂದು ತೆಂಡೆಯಲ್ಲಿ ನಾಲ್ಕರಿಂದ ಐದು ಗರಿ ಪೂರ್ತಿ ಬಿಚ್ಚಿಕೊಂಡಿದ್ದು, ಎಲ್ಲಕ್ಕಿಂತ ಕೆಳಗಿನ ಗರಿಯ ತುದಿ ಆಗತಾನೇ ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಅದೇ ಕೊಯ್ಲಿನ ಹದ. ಕೆಳಗರಿ ಅರ್ಧಕ್ಕಿಂತ ಹೆಚ್ಚು ಒಣಗಿದ್ದರೆ ನೀವು ತಡ ಮಾಡಿದ್ದೀರಿ. ಆ ಒಣಗರಿ ಭಟ್ಟಿಯಲ್ಲಿ ಜಾಗ ತಿನ್ನುತ್ತದೆ, ಸೌದೆ ತಿನ್ನುತ್ತದೆ, ಎಣ್ಣೆ ಮಾತ್ರ ಕೊಡುವುದಿಲ್ಲ. ಚಳಿಗಾಲದಲ್ಲಿ ಹೂಕಡ್ಡಿ ಬರುವ ಲಕ್ಷಣ ಕಂಡರಂತೂ ಕಾಯಬೇಡಿ. ಕಡ್ಡಿ ಎದ್ದಮೇಲೆ ಹೊಸ ಗರಿ ಬರುವುದು ನಿಧಾನವಾಗುತ್ತದೆ.

ಈಗ ತೂಕಕ್ಕೆ ಬನ್ನಿ. ಕೊಯ್ಲಿಗೆ ಒಂದೆರಡು ದಿನ ಮುಂಚೆ ಹೊಲದ ಮೂರು ಕಡೆ, ಅಂದರೆ ಚೆನ್ನಾಗಿ ಬೆಳೆದಲ್ಲಿ, ಸಾಧಾರಣ ಇದ್ದಲ್ಲಿ, ಸೊರಗಿದಲ್ಲಿ ಒಂದೊಂದು ತುಂಡು ಗುರುತು ಮಾಡಿ. ಅಂಚಿನ ಸಾಲು ಬೇಡ, ಅಲ್ಲಿ ಬಿಸಿಲು ಗಾಳಿ ಹೆಚ್ಚಾಗಿ ಹುಲ್ಲು ದಪ್ಪಗಿರುತ್ತದೆ. ಪ್ರತಿ ತುಂಡೂ ಮೂರು ಸಾಲು ಅಗಲ, ಐದು ಮೀಟರ್ ಉದ್ದ. ಅಷ್ಟಾದರೆ ಒಂಬತ್ತು ಚದರ ಮೀಟರ್, ಮೂರೂ ಸೇರಿ 27. ನಡುವೆ ಬುಡ ಸತ್ತು ಖಾಲಿ ಬಿದ್ದ ಜಾಗವಿದ್ದರೆ ಬಿಟ್ಟು ಅಳೆಯಬೇಡಿ, ಸೇರಿಸಿಯೇ ಅಳೆಯಿರಿ, ಯಾಕೆಂದರೆ ನಿಮ್ಮ ಹೊಲ ಇರುವುದೇ ಹಾಗೆ. ಕೊಯ್ದ ಹಸಿ ಹುಲ್ಲನ್ನು ಅಲ್ಲೇ, ಬಾಡುವ ಮೊದಲೇ ತೂಗಿ, ಬಂದ ತೂಕವನ್ನು 150ರಿಂದ ಗುಣಿಸಿದರೆ ಎಕರೆಯ ತೂಕ ಸಿಗುತ್ತದೆ. ಮೂರೂ ತುಂಡಿನಿಂದ 20 ಕೆ.ಜಿ. ಬಂತು ಅಂದುಕೊಳ್ಳಿ, ಎಕರೆಗೆ 3,000 ಕೆ.ಜಿ. ಹಸಿ ಹುಲ್ಲು ಆಯಿತು. ಹಸಿ ಹುಲ್ಲಿನಲ್ಲಿ ಎಣ್ಣೆ ಸಾಮಾನ್ಯವಾಗಿ 0.5ರಿಂದ 0.8 ಪರ್ಸೆಂಟ್ ಇರುತ್ತದೆ. 0.6 ಹಿಡಿದರೆ 18 ಕೆ.ಜಿ. ಎಣ್ಣೆ.

ತಡ ಮಾಡಿದರೆ ಹುಲ್ಲು ಹೆಚ್ಚಾಗುತ್ತದಲ್ಲ, ಎಣ್ಣೆಯೂ ಹೆಚ್ಚಾಗಬೇಕಲ್ಲ ಅಂತ ಕೇಳುವವರಿದ್ದಾರೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 60ನೇ ದಿನ 2,400 ಕೆ.ಜಿ. ಹುಲ್ಲು, 0.65 ಪರ್ಸೆಂಟ್: 15.6 ಕೆ.ಜಿ. ಎಣ್ಣೆ. 75ನೇ ದಿನ 3,000 ಕೆ.ಜಿ., 0.6 ಪರ್ಸೆಂಟ್: 18 ಕೆ.ಜಿ. 90ನೇ ದಿನ 3,300 ಕೆ.ಜಿ., 0.5 ಪರ್ಸೆಂಟ್: 16.5 ಕೆ.ಜಿ. ಮೂರನೆಯದರಲ್ಲಿ ಹೊಲ ನೋಡಲು ತುಂಬಿಕೊಂಡಿದೆ, ಗಾಡಿಯೂ ತುಂಬುತ್ತದೆ, ಆದರೆ ಎಣ್ಣೆ 75ನೇ ದಿನಕ್ಕಿಂತ ಕಡಿಮೆ. ಒಂದು ಕೆ.ಜಿ. ಎಣ್ಣೆಗೆ ಎಷ್ಟು ಹುಲ್ಲು ಬೇಯಿಸಬೇಕಾಯಿತು ನೋಡಿ: 60ಕ್ಕೆ 154, 75ಕ್ಕೆ 167, 90ಕ್ಕೆ 200 ಕೆ.ಜಿ. ಹಾಗಂತ 45 ದಿನಕ್ಕೆ ಓಡುವುದೂ ಬೇಡ. ಬುಡದಲ್ಲಿ ಕಸುವು ಕೂಡಿಕೊಳ್ಳುವ ಮೊದಲೇ ಮತ್ತೆ ಮತ್ತೆ ಕೊಯ್ದರೆ ತೆಂಡೆ ಸಣ್ಣಗಾಗಿ, ಐದು ವರ್ಷ ಬಾಳಬೇಕಾದ ಹೊಲ ಬೇಗ ಕುಗ್ಗುತ್ತದೆ.

ಕೊಯ್ಯುವುದು ಬಿಸಿಲು ಕಂಡ ದಿನ, ಇಬ್ಬನಿ ಆರಿದ ಮೇಲೆ. ಮಳೆ ಬಂದಿದ್ದರೆ ಎರಡು ಮೂರು ದಿನ ಬಿಡಿ. ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಕುಡುಗೋಲು ಹಾಕಿ. ಅದಕ್ಕಿಂತ ಕೆಳಗೆ ಹೋದರೆ ಎಣ್ಣೆಯಿಲ್ಲದ ಬಿಳಿ ಬುಡವೂ ಕೂಡಿ ಬರುತ್ತದೆ, ಚಿಗುರುವ ತೆಂಡೆಗೂ ಪೆಟ್ಟು.

ಇಲ್ಲಿಂದಲೇ ಪರ್ಸೆಂಟಿನ ಗೊಂದಲ ಶುರುವಾಗುವುದು. ಕೊಯ್ದ ಹುಲ್ಲನ್ನು ನೆರಳಿನಲ್ಲಿ ತೆಳ್ಳಗೆ ಹರಡಿ ಒಂದು ದಿನ ಬಾಡಿಸಿದರೆ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ನೀರು ಹೋಗುತ್ತದೆ. 500 ಕೆ.ಜಿ. ಹಸಿ ಹುಲ್ಲು 350ಕ್ಕೆ ಇಳಿಯಿತು ಅನ್ನಿ. ಇಳಿಯುವ ಎಣ್ಣೆ ಅದೇ 3 ಕೆ.ಜಿ. ಹಸಿ ತೂಕಕ್ಕೆ ಭಾಗಿಸಿದವರು 0.6 ಅನ್ನುತ್ತಾರೆ, ಬಾಡಿದ ತೂಕಕ್ಕೆ ಭಾಗಿಸಿದವರು 0.86 ಅನ್ನುತ್ತಾರೆ. ಜಗಲಿಯಲ್ಲಿ ಕೂತು ವಾದ ಮಾಡುವ ಇಬ್ಬರ ಹೊಲದಲ್ಲೂ ಇಳುವರಿ ಒಂದೇ! ಬಾಡಿಸಿದ್ದರಿಂದ ಆದ ನಿಜವಾದ ಲಾಭ ಅಂದರೆ ಒಂದು ಸಲಕ್ಕೆ ಹೆಚ್ಚು ಹುಲ್ಲು ಹಿಡಿಸಿತು, ಸೌದೆ ಉಳಿಯಿತು. ಅದನ್ನೇ ಬಿಸಿಲಿನಲ್ಲಿ ಹಾಕಿದರೆ ಎಣ್ಣೆಯೂ ಹಾರಿಹೋಗುತ್ತದೆ. ಒದ್ದೆ ಹುಲ್ಲನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೊಳೆಯಲು ತೊಡಗುತ್ತದೆ. ರಾಶಿಯೊಳಗೆ ಕೈ ಹಾಕಿ, ಬೆಚ್ಚಗಿದ್ದರೆ ತಕ್ಷಣ ಹರಡಿ.

ಭಟ್ಟಿಯ ಹತ್ತಿರವೂ ಒಂದು ಕೆಲಸವಿದೆ. ಎಣ್ಣೆ ಬೀಳಲು ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ ಬಂದದ್ದನ್ನು ಬೇರೆ ಬೇರೆ ಅಳೆದು ಬರೆಯಿರಿ. ಹೆಚ್ಚಿನ ಪಾಲು ಮೊದಲ ಒಂದು ಗಂಟೆಯಲ್ಲೇ ಬರುತ್ತದೆ, ಎರಡು ಎರಡೂವರೆ ಗಂಟೆಗೆ ಬಹುತೇಕ ಮುಗಿಯುತ್ತದೆ. ಎಣ್ಣೆ ನಿಮ್ಮ ಅಂದಾಜಿಗಿಂತ ತೀರಾ ಕಡಿಮೆಯಾದರೆ ಹೊಲವನ್ನು ಬೈಯುವ ಮೊದಲು ಹುಲ್ಲನ್ನು ಹೊರತೆಗೆದು ನೋಡಿ. ನಡುವೆ ಎಲ್ಲಾದರೂ ಹಸಿರಾಗಿಯೇ ಇದ್ದು ನಿಂಬೆ ವಾಸನೆ ಗಮ್ಮೆನ್ನುತ್ತಿದ್ದರೆ, ತುಂಬುವಾಗ ಸರಿಯಾಗಿ ತುಳಿದಿಲ್ಲ, ಹಬೆ ಸಂದು ಹುಡುಕಿಕೊಂಡು ಮೇಲೆ ಹೋಗಿದೆ. ಕಂಡೆನ್ಸರಿನಿಂದ ಬೀಳುವ ನೀರು ಕೈ ಸುಡುವಷ್ಟು ಬಿಸಿಯಿದ್ದರೆ ಎಣ್ಣೆ ಗಾಳಿಗೆ ಹೋಗುತ್ತಿದೆ.

ಪಾಮರೋಸಾಗೆ ಬಂದರೆ ಗರಿ ನೋಡಿ ಕೊಯ್ಯುವ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಎಣ್ಣೆ ಹೆಚ್ಚಿರುವುದು ಹೂಗೊಂಚಲಿನಲ್ಲಿ, ಗರಿಯಲ್ಲಿ ಅದಕ್ಕಿಂತ ಕಡಿಮೆ, ಕಾಂಡದಲ್ಲಿ ಇಲ್ಲವೆನ್ನುವಷ್ಟು. ಹಾಗಾಗಿ ಇಲ್ಲಿ ಹೂವಿಗೆ ಕಾಯಬೇಕು. ಹೂ ಅರಳಿ ಒಂದು ವಾರದಿಂದ ಹತ್ತು ದಿನ ಕಳೆದು, ಹೊಲದ ಹೆಚ್ಚಿನ ಗೊಂಚಲುಗಳು ಹಸಿರು ಬಿಟ್ಟು ಹುಲ್ಲು ಬಣ್ಣಕ್ಕೆ ತಿರುಗುತ್ತಿರುವಾಗ ಕೊಯ್ಯಬೇಕು. ಅದಕ್ಕೂ ಮುಂಚೆ ಕೊಯ್ದರೆ ಎಣ್ಣೆಯಲ್ಲಿ ಜೆರಾನೈಲ್ ಅಸಿಟೇಟ್ ಪಾಲು ಹೆಚ್ಚಿದ್ದು, ಖರೀದಿದಾರ ಕೇಳುವ ಜೆರಾನಿಯೋಲ್ ಕಡಿಮೆ ಇರುತ್ತದೆ. ತಡವಾದರೆ ಬೀಜ ಉದುರಿ ಸಾಲಿನ ನಡುವೆಲ್ಲ ಕಳೆಯಂತೆ ಹುಟ್ಟುತ್ತದೆ. ಪಾಮರೋಸಾ ಹೊಲದ ಒಟ್ಟು ತೂಕ ಎಣ್ಣೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಎತ್ತರ ಬೆಳೆದ ಹೊಲದ ತೂಕದಲ್ಲಿ ಬಹುಪಾಲು ಕಾಂಡವೇ ಇರಬಹುದು. ಮಾದರಿ ತುಂಡು ಕೊಯ್ದಾಗ ಗೊಂಚಲು ಮತ್ತು ಗರಿಯನ್ನು ಕಾಂಡದಿಂದ ಬೇರೆ ಮಾಡಿ ತೂಗಿ ನೋಡಿ.

ಕೊನೆಗೆ ಮಾರಾಟದ ಹೊತ್ತಿನ ಒಂದು ವಿಷಯ. ನಿಂಬೆಹುಲ್ಲಿನ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 890 ಗ್ರಾಂ ತೂಗುತ್ತದೆ. ನೀವು ಕ್ಯಾನಿನಲ್ಲಿ 20 ಲೀಟರ್ ಅಳೆದು ಒಯ್ದರೆ ವ್ಯಾಪಾರಿಯ ತಕ್ಕಡಿಯಲ್ಲಿ ಅದು 18 ಕೆ.ಜಿ. ಹತ್ತಿರ ನಿಲ್ಲುತ್ತದೆ. ಅಲ್ಲಿ ಮೋಸವೇನೂ ಆಗಿಲ್ಲ. ಆದರೆ 16ಕ್ಕೆ ನಿಂತರೆ ಮಾತ್ರ ಕೇಳಿ.