ಬಾಯಿಗೆ ಬಾರದ 'ಬಿ'

ಎಲ್ಲರಿಗೂ ನಮಸ್ಕಾರ.

ಡೌಟ್, ಡೆಟ್, ಸಟ್ಲ್. ಸಂದೇಹ, ಸಾಲ, ಸೂಕ್ಷ್ಮ. ಇಂಗ್ಲಿಷಿನಲ್ಲಿ ಈ ಮೂರನ್ನೂ ಬರೆಯುವಾಗ ನಡುವೆ ಒಂದು 'ಬಿ' ಹಾಕುತ್ತೇವೆ, ಓದುವಾಗ ಬಿಟ್ಟುಬಿಡುತ್ತೇವೆ. 'ಅಲ್ಲಿ ಬಿ ಸೈಲೆಂಟು' ಎಂದು ಮೇಷ್ಟ್ರು ಹೇಳಿದಾಗ, ಹಿಂದೆ ಯಾವಾಗಲೋ ಅದನ್ನು ಉಚ್ಚರಿಸುತ್ತಿದ್ದರು, ಬರಬರುತ್ತಾ ಸವೆದುಹೋಯಿತು ಅಂದುಕೊಂಡೆವು. ಕುದುರೆಯೇರಿದ ವೀರನಿಗೆ ಹೇಳುವ 'ನೈಟ್' ಪದದ ಮೊದಲ 'ಕೆ' ಸವೆದದ್ದು ಹಾಗೆಯೇ. ಆದರೆ ಡೆಟ್‌ನ 'ಬಿ' ಕಥೆ ತಿರುವುಮುರುವು.

ಲ್ಯಾಟಿನ್ನಿನಲ್ಲಿ 'ಡೆಬಿಟಮ್' ಅಂದರೆ ಕೊಡಬೇಕಾದದ್ದು. ಆ ಮೂಲದ ಪದ ಫ್ರೆಂಚರ ಬಾಯಲ್ಲಿ ಸವೆದು 'ದೆತ್' ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಬಂದದ್ದು ಈ ಸವೆದ ರೂಪವೇ. 14ನೇ ಶತಮಾನದ ಕವಿ ಚಾಸರನ ಕಾವ್ಯದಲ್ಲಿ ಸಾಲಕ್ಕೆ ಇರುವ ಪದದಲ್ಲಿ ಎರಡು 'ಟಿ' ಇವೆ, 'ಬಿ' ಇಲ್ಲ. 'ದುಬಿತಾರೆ'ಯಿಂದ ಬಂದ ಡೌಟ್, 'ಸುಬ್ತಿಲಿಸ್'ನಿಂದ ಬಂದ ಸಟ್ಲ್ ಕೂಡ ಹೀಗೆಯೇ ಸವೆದು ಬಂದವು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಇವು ಲ್ಯಾಟಿನ್ನಿನ ತದ್ಭವಗಳು.

ಮುಂದೆ 15, 16ನೇ ಶತಮಾನಗಳಲ್ಲಿ ಲ್ಯಾಟಿನ್ ಓದಿದವರಿಗೆ ಈ ತದ್ಭವಗಳು ಕೆಟ್ಟ ರೂಪಗಳಾಗಿ ಕಂಡವು. ಪದದ ಕುಲ ಕಣ್ಣಿಗೆ ಕಾಣಬೇಕೆಂದು ಮೂಲದ 'ಬಿ'ಯನ್ನು ಮತ್ತೆ ತಂದು ಕೂರಿಸಿದರು. ಫ್ರೆಂಚ್ ಬರಹಗಾರರೂ ಇದೇ ಕೆಲಸ ಮಾಡಿದ್ದರು. ಶರ್ಕರೆಯಿಂದ ಬಂದ ಪದವೆಂದು ತೋರಿಸಲು 'ಶರ್ಕರೆ' ಎಂದು ಬರೆದು, ಓದುವಾಗ ಮಾತ್ರ 'ಸಕ್ಕರೆ' ಅಂದರೆ ಹೇಗಿರುತ್ತದೆ? ಆದದ್ದು ಅದೇ. ಬರಹ ತತ್ಸಮದ ಹತ್ತಿರ ಹೋಯಿತು, ಬಾಯಿ ತದ್ಭವವನ್ನು ಬಿಡಲಿಲ್ಲ.

ಬಾಯಿಯನ್ನೂ ತಿದ್ದಬೇಕೆಂಬ ಹಟ ಕೆಲವರಿಗೆ ಇದ್ದಿರಬೇಕು. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹೊಲೊಫರ್ನಿಸ್ ಎಂಬ ಪಂಡಿತ, ಡೌಟ್, ಡೆಟ್ ಪದಗಳಲ್ಲಿ 'ಬಿ' ನುಂಗುವವರ ಮೇಲೆ ಸಿಡುಕುತ್ತಾನೆ. ಪ್ರೇಕ್ಷಕರು ನಕ್ಕರೆ ಅದು ಅವನನ್ನು ನೋಡಿ. ಆದರೆ ಇಂಥ ಹಟ ಎಲ್ಲ ಕಡೆಯೂ ಸೋಲಲಿಲ್ಲ. ತಪ್ಪು ಎಂಬರ್ಥದ 'ಫಾಲ್ಟ್' ಮೊದಲು 'ಫಾಟ್'ನಂತಿತ್ತು. ಲ್ಯಾಟಿನ್ ನೋಡಿ 'ಎಲ್' ಸೇರಿಸಿದರು, ಕೊನೆಗೆ ಬಾಯಿಯೂ ಅದನ್ನು ಒಪ್ಪಿತು.

ಪಂಡಿತರ ಕೈಯೂ ಒಂದೇ ಅಳತೆಯಲ್ಲಿ ನಡೆಯಲಿಲ್ಲ. ರಸೀದಿ ಎಂಬರ್ಥದ 'ರಿಸೀಟ್'ಗೆ 'ಪಿ' ಕೊಟ್ಟರು, ಅದೇ ಮನೆತನದ 'ಡಿಸೀಟ್'ಗೆ ಕೊಡಲಿಲ್ಲ. 'ಐಲೆಂಡ್' ವಿಷಯದಲ್ಲಿ ನಿಜವಾಗಿ ಎಡವಿದರು. ಅದು ಇಂಗ್ಲಿಷಿನದೇ ಹಳೆಯ ಪದ, ಲ್ಯಾಟಿನ್ನಿನ 'ಇನ್ಸುಲಾ'ಕ್ಕೂ ಅದಕ್ಕೂ ನಂಟಿಲ್ಲ. ಆದರೂ ಅದೇ ಅರ್ಥದ ಫ್ರೆಂಚ್ ಪದದ ಜೊತೆ ಬೆರೆಸಿ ಒಂದು 'ಎಸ್' ಅಂಟಿಸಿದರು. ಆದ್ದರಿಂದ ಕಾಗುಣಿತ ನೋಡಿಯೇ ಪದದ ಮೂಲ ಹೇಳುವುದು ಅಪಾಯ.

ಫ್ರೆಂಚರು ಮುಂದೆ ಡೆಟ್, ಡೌಟ್ ಎರಡರಿಂದಲೂ 'ಬಿ' ತೆಗೆದುಹಾಕಿದರು, ಇಂಗ್ಲಿಷರು ಉಳಿಸಿಕೊಂಡರು. ಇನ್ನು ನಿಮ್ಮ ಜೇಬಿನಲ್ಲಿರುವ ಡೆಬಿಟ್ ಕಾರ್ಡಿನ 'ಡೆಬಿಟ್' ಇದೆಯಲ್ಲ, ಅದೂ ಅದೇ 'ಡೆಬಿಟಮ್'. ಫ್ರೆಂಚರ ಬಾಯಲ್ಲಿ ಸವೆಯದೆ ಬಂದದ್ದರಿಂದ ಅದರ 'ಬಿ' ಇಂದಿಗೂ ಕೇಳುತ್ತದೆ.