ಮೀಟರ್ ಕೆಂಪಾದರೆ ಕನ್ನಡ ತಪ್ಪೇ?

ನಮಸ್ಕಾರ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆಂದು ಇಂಗ್ಲಿಷ್ ವಿಡಿಯೊಗಳಿಗೆ ಕನ್ನಡ ಸಬ್‌ಟೈಟಲ್ ಹಾಕುವವರು ಈಗ ನಮ್ಮ ವಿಜಯಪುರದಲ್ಲಿದ್ದಾರೆ. ಅವರ ದೂರು ಒಂದೇ: ಸಾಲು ಉದ್ದವಾಯಿತು, ಓದಲು ಸಮಯ ಸಾಲದು ಎಂದು ಸಾಫ್ಟ್‌ವೇರಿನ ಮೀಟರ್ ಪ್ರತಿ ಸಾಲಿಗೂ ಕೆಂಪು ಬಣ್ಣ ತೋರಿಸುತ್ತದೆ. ಆ ಕೆಂಪನ್ನು ಪೂರ್ತಿ ನಂಬಬೇಡಿ ಎಂಬುದು ನನ್ನ ವಾದ. ಹಾಗೆಂದು ಅಲಕ್ಷಿಸಲೂ ಬೇಡಿ.

ಇಂಗ್ಲಿಷಿಗೆ ಸಾಲಿಗೆ 42 ಅಕ್ಷರ, ಸೆಕೆಂಡಿಗೆ ಸುಮಾರು 17 ಅಕ್ಷರ, ಒಮ್ಮೆಗೆ ಎರಡೇ ಸಾಲು ಎಂಬುದು ರೂಢಿಯ ಅಳತೆ. ಕನ್ನಡಕ್ಕೂ ಅದೇ ಅಳತೆ ಹಿಡಿಯುವ ಸಾಫ್ಟ್‌ವೇರ್ ಅಕ್ಷರಗಳನ್ನಲ್ಲ, ಯುನಿಕೋಡ್ ಚಿಹ್ನೆಗಳನ್ನು ಎಣಿಸುತ್ತದೆ. ‘ದ್ರಾಕ್ಷಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯಂತ್ರದ ಲೆಕ್ಕಕ್ಕೆ ಎಂಟು: ಒತ್ತು, ದೀರ್ಘ, ಗುಣಿತ ಎಲ್ಲವೂ ಬೇರೆ ಬೇರೆ. ಹಾಗಾಗಿ ಚಿಕ್ಕ ಸಾಲೂ ಕೆಂಪಾಗಬಹುದು. ಆದರೆ ಕೆಂಪು ಸುಳ್ಳು, ನಮಗೆ ಜಾಗ ಹೆಚ್ಚಿದೆ ಎಂದು ಹಿಗ್ಗುವಂತಿಲ್ಲ. ಕನ್ನಡದ ಅಕ್ಷರ ಅಗಲ, ವಿಭಕ್ತಿ ಹತ್ತಿದ ಪದ ಉದ್ದ.

ಒಂದು ಸಾಲು ನೋಡೋಣ. ಗೊಂಚಲನ್ನು ದ್ರಾವಣದಲ್ಲಿ ಅದ್ದಿ ಒಣಗಲು ಹಾಕುವ ದೃಶ್ಯ, ಸಮಯ ನಾಲ್ಕು ಸೆಕೆಂಡು. ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ: ‘ದ್ರಾಕ್ಷಿ ಗೊಂಚಲುಗಳನ್ನು ದ್ರಾವಣದಲ್ಲಿ ಎರಡರಿಂದ ನಾಲ್ಕು ನಿಮಿಷಗಳ ಕಾಲ ಅದ್ದಿದ ನಂತರ ನೆರಳಿನಲ್ಲಿರುವ ಜಾಲರಿಯ ಮೇಲೆ ಹರಡಬೇಕು’. ಯಂತ್ರದ ಎಣಿಕೆಯಲ್ಲಿ 106, ಅಂದರೆ ಸೆಕೆಂಡಿಗೆ 26ರ ಮೇಲೆ. ಇಲ್ಲಿ ಕೆಂಪು ಬಣ್ಣ ಹೇಳುವುದು ನಿಜವೇ. ಈಗ ಮೊಟಕುಗೊಳಿಸಿದ ಸಬ್‌ಟೈಟಲ್ ನೋಡಿ:

```
12
00:03:20,000 --> 00:03:24,000
ಗೊಂಚಲನ್ನು 2–4 ನಿಮಿಷ ಅದ್ದಿ,
ನೆರಳಲ್ಲಿ ಜಾಲರಿಯ ಮೇಲೆ ಹರಡಿ
```

ಎಣಿಕೆ 51ಕ್ಕೆ ಇಳಿಯಿತು. ದ್ರಾಕ್ಷಿ, ದ್ರಾವಣ ಎರಡೂ ತೊಟ್ಟಿಯಲ್ಲೇ ಕಾಣುತ್ತಿವೆ, ಅವುಗಳ ಹೆಸರು ಬೇಕಿಲ್ಲ. ನಿಮಿಷದ ಲೆಕ್ಕವೂ ನೆರಳೂ ಚಿತ್ರದಲ್ಲಿ ಕಾಣುವುದಿಲ್ಲ, ಅವು ಹೋದರೆ ರೈತರ ಮಾಲು ಹೋಯಿತು. ಚಂದಕ್ಕಾಗಿ ಅಂಕಿಯನ್ನು ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಾಲನ್ನು ‘ಅದ್ದಿ’ ಆದ ಮೇಲೆ ಮುರಿದಿದ್ದೇನೆ. ತಂತ್ರಾಂಶಕ್ಕೆ ಬಿಟ್ಟರೆ ‘ಜಾಲರಿಯ’ ಮೇಲಿನ ಸಾಲಿಗೂ ‘ಮೇಲೆ’ ಕೆಳಗಿನ ಸಾಲಿಗೂ ಹೋಗಬಹುದು. ಸಾಲುಗಳ ನಡುವೆ ಅಂತರ ಸಾಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಇದನ್ನು ಕಂಪ್ಯೂಟರಿನಲ್ಲಲ್ಲ, ಸಣ್ಣ ಮೊಬೈಲಿನಲ್ಲಿ, ಧ್ವನಿ ನಿಲ್ಲಿಸಿ ನೋಡಿ. ಓದಿ ಮುಗಿಸಿದ ಮೇಲೂ ತೊಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಲು ಸಮಯ ಉಳಿದರೆ ಅವಧಿ ಸರಿಯಾಗಿದೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಉದ್ದದ ಕಾಟ ಕಡಿಮೆ, ಕಾಟವೆಲ್ಲ ಕ್ರಿಯಾಪದದ್ದು. ಬೆಳೆಗಾರರೊಬ್ಬರು ‘ಸಾಲ ತೀರಿಸಲು ಈ ವರ್ಷ ಹೊಲವನ್ನು’ ಎಂದು ಹೇಳಿ, ತಡೆದು, ‘ಮಾರಿದೆ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾರಿದ ಮಾತು ಹೊಲಕ್ಕಿಂತ ಮೊದಲೇ ಬರಬೇಕು. ಇಡೀ ವಾಕ್ಯವನ್ನು ಒಂದೇ ಸಬ್‌ಟೈಟಲಿನಲ್ಲಿ ಹಾಕಿದರೆ ಅವರು ‘ಮಾರಿದೆ’ ಎನ್ನುವ ಮೊದಲೇ ಪ್ರೇಕ್ಷಕನಿಗೆ ಗುಟ್ಟು ತಿಳಿದುಬಿಡುತ್ತದೆ. ಆದ್ದರಿಂದ ಸಾಲ ತೀರಿಸುವ ಮಾತನ್ನಷ್ಟೇ ಮೊದಲನೆಯದರಲ್ಲಿ ಇಟ್ಟು, ಹೊಲವನ್ನೂ ಮಾರಾಟವನ್ನೂ ಎರಡನೆಯದಕ್ಕೆ ಬಿಡಿ. ಆ ಎರಡನೆಯದು ‘ಮಾರಿದೆ’ ಎಂಬ ಮಾತಿನ ಜೊತೆಗೇ ಮೂಡಲಿ, ಮತ್ತು ಅವರು ಸುಮ್ಮನಾದ ಮೇಲೂ ಒಂದು ಸೆಕೆಂಡು ಪರದೆಯ ಮೇಲಿರಲಿ.